ಅಳಿಸಿದ ಜಾಗದಲ್ಲಿ ಕಾಣುವ ಚೌಕಳಿ ಮುದ್ರಣದಲ್ಲಿ ಬರುತ್ತದೆಯೇ?

ಪ್ರಶ್ನೆ: ಅಜ್ಜನ ಹಳೆಯ ಫೋಟೊವೊಂದನ್ನು ಸ್ಕ್ಯಾನ್ ಮಾಡಿ, ಗಿಂಪ್ ತಂತ್ರಾಂಶದಲ್ಲಿ ತೆರೆದು, ಅವರ ಹಿಂದಿನ ಗೋಡೆಯ ಮೇಲಿದ್ದ ಕಲೆಗಳನ್ನು ಎರೇಸರ್‌ನಿಂದ ಅಳಿಸಿದೆ. ಅಳಿಸಿದ ಕಡೆಯಲ್ಲೆಲ್ಲ ಚದುರಂಗದ ಮಣೆಯ ಹಾಗೆ ಬೂದು ಚೌಕಗಳು ಬಂದಿವೆ. ಇವು ಎಲ್ಲಿಂದ ಬಂದವು? ಪ್ರಿಂಟ್ ಹಾಕಿಸಿದರೆ ಈ ಚೌಕಗಳೂ ಕಾಗದದ ಮೇಲೆ ಬರುತ್ತವೆಯೇ?

ಉತ್ತರ: ಬರುವುದಿಲ್ಲ. ಆ ಚೌಕಗಳು ನಿಮ್ಮ ಫೋಟೊದ ಭಾಗವಲ್ಲ. ‘ಇಲ್ಲಿ ಈಗ ಏನೂ ಇಲ್ಲ’ ಎಂದು ತಿಳಿಸಲು ತಂತ್ರಾಂಶವು ಪರದೆಯ ಮೇಲೆ ಮಾತ್ರ ಬಿಡಿಸಿ ತೋರಿಸುವ ಗುರುತು ಅದು. ಆದರೆ ಚೌಕಗಳು ಮುದ್ರಣವಾಗುವುದಿಲ್ಲ ಎಂದ ಮಾತ್ರಕ್ಕೆ ನಿಮ್ಮ ಫೋಟೊ ಸರಿಯಾಗಿ ಮುದ್ರಣವಾಗುತ್ತದೆ ಎಂದು ಅರ್ಥವಲ್ಲ. ಆ ಜಾಗದಲ್ಲಿ ಬರುವುದು ಬರಿಯ ಬಿಳಿ ಕಾಗದ, ಮತ್ತು ಹಳೆಯ ಫೋಟೊದ ನಡುವೆ ಅಂತಹ ಬಿಳಿ ಬಹಳ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಚೌಕಗಳ ಮೂಲವನ್ನು ಮೊದಲು ವಿವರಿಸಿ, ಮುದ್ರಣಕ್ಕೆ ಕೊಡುವ ಮುನ್ನ ನೀವು ಸರಿಪಡಿಸಬೇಕಾದದ್ದನ್ನು ಆಮೇಲೆ ಹೇಳುತ್ತೇನೆ.

ಸ್ಕ್ಯಾನ್ ಮಾಡಿದ ಚಿತ್ರವು ಸಾವಿರಾರು ಸಾಲುಗಳಲ್ಲಿ ಜೋಡಿಸಿದ ಪಿಕ್ಸೆಲ್‌ಗಳ ರಾಶಿ. ಸಾಮಾನ್ಯವಾಗಿ ಪ್ರತಿ ಪಿಕ್ಸೆಲ್‌ಗೂ ಮೂರು ಸಂಖ್ಯೆಗಳಿರುತ್ತವೆ: ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬುದನ್ನು 0ಯಿಂದ 255ರವರೆಗಿನ ಅಳತೆಯಲ್ಲಿ ಅವು ಹೇಳುತ್ತವೆ. ಈ ಮೂರರಲ್ಲಿ ‘ಇಲ್ಲ’ ಎಂಬುದನ್ನು ಹೇಳುವ ದಾರಿಯೇ ಇಲ್ಲ. ಮೂರೂ 0 ಆದರೆ ಅದು ಕಪ್ಪು, ಮೂರೂ 255 ಆದರೆ ಬಿಳಿ; ಎರಡೂ ಬಣ್ಣಗಳೇ. ಹೀಗಾಗಿ ನಾಲ್ಕನೆಯ ಸಂಖ್ಯೆಯೊಂದನ್ನು ಸೇರಿಸುವ ಪದ್ಧತಿ ಬಂತು. ಅದಕ್ಕೆ ಆಲ್ಫಾ ಎಂದು ಹೆಸರು. ಆಲ್ಫಾ 255 ಇದ್ದರೆ ಪಿಕ್ಸೆಲ್ ಪೂರ್ತಿ ಗಟ್ಟಿ, 0 ಇದ್ದರೆ ಪೂರ್ತಿ ಪಾರದರ್ಶಕ, ನಡುವೆ ಇದ್ದರೆ ತೆಳು ಬಟ್ಟೆಯಂತೆ ಅರೆಬರೆ ಪಾರದರ್ಶಕ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಇದನ್ನು ರೂಪಿಸಿದರು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿ ಬಳಸುತ್ತಿದ್ದ ಗ್ರೀಕ್ ಅಕ್ಷರವೇ ಅದರ ಹೆಸರಾಗಿ ಉಳಿಯಿತು.

ನೀವು ಎರೇಸರ್ ಓಡಿಸಿದಾಗ ಕೆಂಪು, ಹಸಿರು, ನೀಲಿ ಸಂಖ್ಯೆಗಳು ಬದಲಾಗಲಿಲ್ಲ, ಆಲ್ಫಾ ಮಾತ್ರ 0ಗೆ ಇಳಿಯಿತು. ಅಂದರೆ ಗೋಡೆಯ ಕಲೆ ಕಡತದೊಳಗೆ ಇನ್ನೂ ಇರಬಹುದು, ಆದರೆ ಅದನ್ನು ತೋರಿಸಬೇಡ ಎಂಬ ಆಜ್ಞೆ ಅದರ ಮೇಲಿದೆ. ಈಗ ತಂತ್ರಾಂಶಕ್ಕೆ ಒಂದು ಪೇಚು ಎದುರಾಗುತ್ತದೆ. ಪರದೆಗೆ ಪಾರದರ್ಶಕವಾಗಿ ಹೊಳೆಯಲು ಬರುವುದಿಲ್ಲ. ಅದು ಯಾವುದಾದರೂ ಬಣ್ಣವನ್ನು ತೋರಿಸಲೇಬೇಕು. ಬಿಳಿಯನ್ನು ತೋರಿಸಿದರೆ, ಅಲ್ಲಿ ನಿಜವಾಗಿ ಬಿಳಿ ಬಣ್ಣ ಬಳಿದಿದೆಯೋ ಅಥವಾ ಏನೂ ಇಲ್ಲವೋ ಎಂದು ನಿಮಗೆ ತಿಳಿಯುವುದಿಲ್ಲ. ಕಪ್ಪಿಗೂ ಬೂದಿಗೂ ಇದೇ ತೊಂದರೆ. ಆದ್ದರಿಂದ ಯಾವ ಫೋಟೊದಲ್ಲೂ ತಾನಾಗಿ ಕಾಣಿಸಿಕೊಳ್ಳುವ ಸಂಭವ ತೀರ ಕಡಿಮೆ ಇರುವ, ಎರಡು ಬೂದು ಛಾಯೆಗಳ ಒಂದೇ ಅಳತೆಯ ಚೌಕಗಳನ್ನು ಚಿತ್ರದ ಹಿಂದೆ ಹಾಸಿದಂತೆ ತೋರಿಸುವ ರೂಢಿ ಬೆಳೆಯಿತು.

ಈ ಹಾಸು ಚಿತ್ರದ್ದಲ್ಲ ಎಂಬುದನ್ನು ನೀವೇ ಕುಳಿತಲ್ಲಿ ನೋಡಬಹುದು. ಗಿಂಪ್‌ನಲ್ಲಿ ಚಿತ್ರವನ್ನು ಹಿಗ್ಗಿಸುತ್ತ ಹೋಗಿ. ಅಜ್ಜನ ಕೋಟಿನ ಗುಂಡಿ ದೊಡ್ಡದಾಗುತ್ತದೆ, ಕಾಗದದ ಬಿರುಕು ದೊಡ್ಡದಾಗುತ್ತದೆ, ಚೌಕಗಳು ಮಾತ್ರ ಪರದೆಯ ಮೇಲೆ ಅಷ್ಟೇ ಗಾತ್ರದಲ್ಲಿ ನಿಂತಿರುತ್ತವೆ. ಅವು ಚಿತ್ರದ ಒಳಗಿದ್ದಿದ್ದರೆ ಗುಂಡಿಯ ಜೊತೆಯಲ್ಲೇ ಹಿಗ್ಗಬೇಕಿತ್ತು. ಇನ್ನೊಂದು ಪರೀಕ್ಷೆಯೂ ಇದೆ: Edit > Preferences ಒಳಗಿನ Display ಭಾಗದಲ್ಲಿ Check style ಮತ್ತು Check size ಎಂಬ ಆಯ್ಕೆಗಳಿವೆ. ಅಲ್ಲಿ ಚೌಕಗಳ ಗಾತ್ರವನ್ನೂ ಛಾಯೆಯನ್ನೂ ಬದಲಿಸಿದರೆ ನಿಮ್ಮ ಚಿತ್ರದ ಒಂದು ಪಿಕ್ಸೆಲ್ಲನ್ನೂ ಮುಟ್ಟದೆ ಹಾಸು ಬದಲಾಗುತ್ತದೆ. ಚೌಕಗಳೇ ಬೇಡವೆಂದರೆ ಬರಿಯ ಬಿಳಿಯನ್ನೂ ಆರಿಸಿಕೊಳ್ಳಬಹುದು. ಫೋಟೊಶಾಪ್‌ನಲ್ಲಿ ಇದೇ ಕೆಲಸ Preferences ಒಳಗಿನ Transparency & Gamut ಪುಟದಲ್ಲಿ ಆಗುತ್ತದೆ.

ಇಲ್ಲಿ ನಿಮಗೆ ಒಂದು ಅನುಮಾನ ಬರಬಹುದು: ಹಿಂದೊಮ್ಮೆ ಬೇರೊಂದು ಫೋಟೊವನ್ನು ಹೀಗೆಯೇ ಅಳಿಸಿದಾಗ ಬಿಳಿಯೇ ಬಂದಿತ್ತಲ್ಲ? ಅದೂ ನಿಜವಿರಬಹುದು. ಸ್ಕ್ಯಾನರ್‌ಗಳು ಹೆಚ್ಚಾಗಿ ಜೆಪೆಗ್ ಕಡತವನ್ನು ಕೊಡುತ್ತವೆ, ಮತ್ತು ಜೆಪೆಗ್‌ಗೆ ಆಲ್ಫಾ ಎಂಬುದೇ ಇಲ್ಲ. ಅಂತಹ ಕಡತವನ್ನು ತೆರೆದಾಗ ಸಿಗುವ ಲೇಯರ್‌ನಲ್ಲಿ, ಅಂದರೆ ಚಿತ್ರದ ಪದರದಲ್ಲಿ, ಎರೇಸರ್‌ಗೆ ಇಳಿಸಲು ಆಲ್ಫಾ ಸಿಗದೆ, ಅದು ಹಿನ್ನೆಲೆ ಬಣ್ಣವನ್ನು ಬಳಿಯುವ ಕುಂಚವಾಗಿ ಕೆಲಸ ಮಾಡುತ್ತದೆ. ಗಿಂಪ್‌ನ ಲೇಯರ್ ಪಟ್ಟಿಯಲ್ಲಿ ಆಲ್ಫಾ ಇಲ್ಲದ ಲೇಯರ್‌ನ ಹೆಸರು ದಪ್ಪಕ್ಷರದಲ್ಲಿರುತ್ತದೆ. Layer > Transparency > Add Alpha Channel ಎಂದು ಕೊಟ್ಟರೆ ಅದು ಸಾಧಾರಣ ಅಕ್ಷರಕ್ಕೆ ತಿರುಗುತ್ತದೆ, ಅಲ್ಲಿಂದ ಮುಂದೆ ಅಳಿಸಿದರೆ ಚೌಕಗಳು ಕಾಣುತ್ತವೆ. ನಿಮ್ಮ ಚಿತ್ರದಲ್ಲಿ ಚೌಕಗಳು ಬಂದಿವೆಯಾದ್ದರಿಂದ, ತೆರೆಯುವಾಗಲೋ ಆಮೇಲೋ ಆ ಲೇಯರ್‌ಗೆ ಆಲ್ಫಾ ಸೇರಿದೆ. ಹೊರಗಿನಿಂದ ತೆರೆದ ಚಿತ್ರಗಳಿಗೆಲ್ಲ ತಾನಾಗಿ ಆಲ್ಫಾ ಸೇರಿಸುವ ಆಯ್ಕೆಯೊಂದು ಗಿಂಪ್‌ನ ಸಿದ್ಧತೆಗಳಲ್ಲೇ ಇದೆ.

ಇನ್ನು ಮುದ್ರಣದ ಮಾತು. ಸಾಮಾನ್ಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಬೇಕಾದ ಕಡೆ ಅದು ಶಾಯಿಯನ್ನೇ ಹಾಕದೆ ಕಾಗದವನ್ನು ಹಾಗೆಯೇ ಬಿಡುತ್ತದೆ. ಏನೂ ಇಲ್ಲದ ಕಡೆಯೂ ಅದು ಮಾಡುವುದು ಅದನ್ನೇ. ಹೀಗೆ ಕಾಗದಕ್ಕೆ ಬಂದಾಗ ಪಾರದರ್ಶಕಕ್ಕೂ ಬಿಳಿಗೂ ವ್ಯತ್ಯಾಸ ಉಳಿಯುವುದಿಲ್ಲ, ಚೌಕಗಳು ಬರುವ ಪ್ರಶ್ನೆಯೂ ಏಳುವುದಿಲ್ಲ.

ಕಷ್ಟ ಇರುವುದು ಆ ಬಿಳಿಯಲ್ಲಿ. ಹಳೆಯ ಕಪ್ಪುಬಿಳುಪು ಫೋಟೊದ ಅತ್ಯಂತ ಬೆಳ್ಳಗಿನ ಜಾಗವೂ ನಿಜವಾಗಿ ಬಿಳಿಯಾಗಿರುವುದಿಲ್ಲ. ನಿಮ್ಮ ಸ್ಕ್ಯಾನ್‌ನಲ್ಲಿ ಅಜ್ಜನ ಅಂಗಿಯ ಕಾಲರಿನ ಮೇಲೆ ಕಲರ್ ಪಿಕರ್ ಒತ್ತಿ ನೋಡಿದರೆ 232, 220, 192 ಎಂಬಂತಹ ಸಂಖ್ಯೆಗಳು ಸಿಗಬಹುದು. ಕೆಂಪು ಹೆಚ್ಚು, ನೀಲಿ ಕಡಿಮೆ; ಅಂದರೆ ಅದು ಕೆನೆಬಣ್ಣ. ಹಿಂದಿನ ಗೋಡೆ ಇದಕ್ಕಿಂತ ಇನ್ನಷ್ಟು ಗಾಢವಾಗಿರುತ್ತದೆ. ಅಂತಹ ಗೋಡೆಯ ನಡುವೆ ಹೊಸ ಫೋಟೊ ಕಾಗದದ ಥಳಥಳಿಸುವ ಬಿಳಿಯ ತೇಪೆ ಬಂದರೆ, ಕಲೆ ಹೋದ ಕಡೆಯಲ್ಲಿ ಕಲೆಗಿಂತ ಎದ್ದು ಕಾಣುವ ತೂತು ಬಂದಂತಾಗುತ್ತದೆ. ಪರದೆಯ ಮೇಲೆ ಮಧ್ಯಮ ಬೂದು ಚೌಕಗಳ ಪಕ್ಕದಲ್ಲಿ ಗೋಡೆಯ ಬಣ್ಣ ಅಷ್ಟೇನೂ ಅಸಹಜವಾಗಿ ಕಾಣದೆ ಇರುವುದರಿಂದ, ಈ ತೂತಿನ ಕಾಟ ಪ್ರಿಂಟ್ ಕೈಗೆ ಬಂದ ಮೇಲೆಯೇ ತಿಳಿಯುವುದು ಹೆಚ್ಚು.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ದೋಷವಿದೆ, ಮತ್ತು ಅದನ್ನು ಮರೆಮಾಡುವುದು ಈ ಚೌಕಗಳೇ. ಮೆತ್ತನೆಯ ಅಂಚಿನ ಕುಂಚದಿಂದ ಅಳಿಸಿದರೆ ಕುಂಚದ ನಡುವೆ ಮಾತ್ರ ಆಲ್ಫಾ 0ಗೆ ಇಳಿಯುತ್ತದೆ. ಅಂಚಿನ ಕಡೆಗೆ ಕಾಲುಭಾಗವೋ ಅರ್ಧವೋ ಉಳಿದುಬಿಡುತ್ತದೆ. ಒಂದು ಪಿಕ್ಸೆಲ್ಲನ್ನು ಹಿಡಿದು ಲೆಕ್ಕ ಹಾಕೋಣ. ಕಲೆಯ ಛಾಯೆ 96 ಎಂದಿಟ್ಟುಕೊಳ್ಳಿ, ಅಳಿಸಿದ ಮೇಲೆ ಅದರಲ್ಲಿ ನೂರಕ್ಕೆ 25ರಷ್ಟು ಉಳಿದಿದೆ ಎನ್ನಿ. ಕಣ್ಣಿಗೆ ಕಾಣುವ ಛಾಯೆಯು ಹೀಗೆ ಬರುತ್ತದೆ:

```
ಕಾಣುವ ಛಾಯೆ = 96 × 0.25 + ಹಿಂದಿನ ಛಾಯೆ × 0.75
```

ಗಿಂಪ್‌ನ ಮಧ್ಯಮ ಬೂದು ಹಾಸಿನ ಎರಡು ಛಾಯೆಗಳು 102 ಮತ್ತು 153. ಗಾಢ ಚೌಕದ ಮೇಲೆ ನಮ್ಮ ಪಿಕ್ಸೆಲ್ ಸುಮಾರು 101 ಆಗಿ ಕಾಣುತ್ತದೆ, ಅಂದರೆ ಬರಿಯ ಚೌಕಕ್ಕಿಂತ ಕೇವಲ ಒಂದೆರಡು ಅಂಕೆಯ ಅಂತರ. ತಿಳಿ ಚೌಕದ ಮೇಲೆ ಅದು ಸುಮಾರು 139, ಅಲ್ಲಿ ಅಂತರ 14. ಚೌಕಗಳ ಗಡಿಬಿಡಿಯ ನಡುವೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪೂರ್ತಿ ಅಳಿಸಿದ್ದೇವೆ ಎಂದೇ ಅನಿಸುತ್ತದೆ. ಅದೇ ಪಿಕ್ಸೆಲ್ ಬಿಳಿ ಕಾಗದದ ಮೇಲೆ ಬಂದಾಗ 24 ಮತ್ತು 191 ಸೇರಿ ಸುಮಾರು 215 ಆಗುತ್ತದೆ. ಸುತ್ತಲಿನ ಬಿಳಿ 255, ಅಂತರ 40. ಕಲೆಯ ಸುತ್ತ ತೆಳುವಾದ ಬೂದು ಉಂಗುರವೊಂದು ಸ್ಪಷ್ಟವಾಗಿ ಮೂಡುತ್ತದೆ. ಬೇರೆ ಬೇರೆ ತಂತ್ರಾಂಶಗಳು ಬೆರೆಸುವ ಲೆಕ್ಕವನ್ನು ಬೇರೆ ಬೇರೆ ರೀತಿಯಲ್ಲಿ ಮಾಡುವುದರಿಂದ ಈ ಅಂಕೆಗಳು ತುಸು ಹೆಚ್ಚುಕಡಿಮೆಯಾಗುತ್ತವೆ, ಆದರೆ ಚೌಕಗಳ ಮೇಲೆ ಅಡಗಿದ್ದು ಬಿಳಿಯ ಮೇಲೆ ಹೊರಬೀಳುತ್ತದೆ ಎಂಬುದು ಬದಲಾಗುವುದಿಲ್ಲ. ‘ಚೌಕ ಪ್ರಿಂಟ್ ಆಗಲಿಲ್ಲ, ಆದರೆ ಏನೋ ಹೊಗೆಯಂತಹದು ಬಂದಿದೆ’ ಎಂದು ಜನ ದೂರುವುದು ಸಾಮಾನ್ಯವಾಗಿ ಇದನ್ನೇ.

ಇದನ್ನು ಮೊದಲೇ ಹಿಡಿಯಲು ಸುಲಭವಾದ ಉಪಾಯವಿದೆ. ಹೊಸ ಲೇಯರ್ ಒಂದನ್ನು ಸೇರಿಸಿ, ಅದಕ್ಕೆ ಪೂರ್ತಿ ಬಿಳಿ ತುಂಬಿ, ಲೇಯರ್ ಪಟ್ಟಿಯಲ್ಲಿ ಫೋಟೊದ ಕೆಳಗೆ ಎಳೆದಿಡಿ. ಚೌಕಗಳು ಆ ಕ್ಷಣವೇ ಮಾಯವಾಗಿ, ಕಾಗದದ ಮೇಲೆ ಬರಲಿರುವುದು ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಅಳಿದುಳಿದ ಗಾಢ ಅಂಚುಗಳು ಬಿಳಿಯ ಮೇಲೆ ಕಾಣುತ್ತವೆ. ತಿಳಿ ಅಂಚುಗಳನ್ನು ನೋಡಬೇಕೆಂದರೆ ಅದೇ ಲೇಯರ್‌ಗೆ ಒಮ್ಮೆ ಕಪ್ಪು ತುಂಬಿ ನೋಡಿ. ನಾನಂತೂ ಈ ಪರೀಕ್ಷೆ ಮಾಡದೆ ಯಾವ ಕಡತವನ್ನೂ ಮುದ್ರಣಕ್ಕೆ ಬಿಡುವುದಿಲ್ಲ. Layer > Transparency > Threshold Alpha ಎಂಬ ಆಜ್ಞೆಯು ಅರೆಪಾರದರ್ಶಕ ಪಿಕ್ಸೆಲ್‌ಗಳನ್ನೆಲ್ಲ ಒಂದೋ ಗಟ್ಟಿ ಇಲ್ಲವೇ ಖಾಲಿ ಮಾಡಿ ಉಂಗುರವನ್ನು ತೆಗೆಯಬಲ್ಲದು, ಆದರೆ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಫೋಟೊಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಚೌಕಗಳು ಎಂದೂ ಮುದ್ರಣವಾಗುವುದೇ ಇಲ್ಲವೇ? ಒಂದು ಸಂದರ್ಭದಲ್ಲಿ ಆಗುತ್ತವೆ: ಪರದೆಯ ಮೇಲಿನ ಗುರುತು ಚಿತ್ರದೊಳಗೇ ಸೇರಿಹೋದಾಗ. ಒಮ್ಮೆ ಒಬ್ಬರು ನನಗೆ ದೊಡ್ಡದಾಗಿ ಮುದ್ರಿಸಿಕೊಡಿ ಎಂದು ಕಳುಹಿಸಿದ ಫೋಟೊದಲ್ಲಿ ಚೌಕಗಳು ಎಷ್ಟು ಮಾಡಿದರೂ ಹೋಗಲಿಲ್ಲ. ವಿಚಾರಿಸಿದರೆ, ಕಡತವನ್ನು ಉಳಿಸುವುದು ಹೇಗೆಂದು ತಿಳಿಯದೆ ಅವರು ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದ್ದರು. ಸ್ಕ್ರೀನ್‌ಶಾಟ್‌ಗೆ ಫೋಟೊ ಯಾವುದು, ಗುರುತು ಯಾವುದು ಎಂಬ ಭೇದ ಗೊತ್ತಿಲ್ಲ. ಪರದೆ ತೋರಿಸಿದ ಎಲ್ಲವೂ ಅದಕ್ಕೆ ಬಣ್ಣವೇ. ಅಂತಹ ಚಿತ್ರದಲ್ಲಿ 16 ಪಿಕ್ಸೆಲ್ ಅಗಲದ ಚೌಕವು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಣವಾದರೆ ಸುಮಾರು 1.35 ಮಿಲಿಮೀಟರ್ ಅಗಲಕ್ಕೆ ಬರುತ್ತದೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅಂತರ್ಜಾಲದಿಂದ ‘ಪಾರದರ್ಶಕ’ ಎಂದು ಇಳಿಸಿಕೊಂಡ ಹಾರ, ಚೌಕಟ್ಟು ಮುಂತಾದ ಚಿತ್ರಗಳಲ್ಲೂ ಈ ಮೋಸ ಸಾಮಾನ್ಯ.

ನಿಜವಾದ ಪಾರದರ್ಶಕತೆಯನ್ನೂ ಸೇರಿಹೋದ ಚೌಕಗಳನ್ನೂ ಬೇರೆ ಮಾಡಿ ತಿಳಿಯಲು ಮೇಲೆ ಹೇಳಿದ ಬಿಳಿ ಲೇಯರ್‌ನ ಪರೀಕ್ಷೆಯೇ ಸಾಕು. ಕೆಳಗೆ ಬಿಳಿ ಇಟ್ಟಾಗ ಚೌಕಗಳು ಹೋದರೆ ಅವು ಗುರುತು, ಹೋಗದಿದ್ದರೆ ಬಣ್ಣ. ಕಡತದ ಅಳತೆಯೂ ಸುಳಿವು ಕೊಡುತ್ತದೆ: 4×6 ಇಂಚಿನ ಫೋಟೊವನ್ನು ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಇರಬೇಕು, 1920×1080ರಂತಹ ಅಳತೆ ಕಂಡರೆ ಅದು ಯಾವುದೋ ಪರದೆಯ ಅಳತೆ ಎಂದು ತಿಳಿಯಿರಿ. ಒಮ್ಮೆ ಸೇರಿಹೋದ ಚೌಕಗಳನ್ನು ತೆಗೆಯುವುದು ತುಂಬ ದುಡಿಮೆಯ ಕೆಲಸ. ಮೂಲ ಕಡತಕ್ಕೆ ಮರಳುವುದೇ ಜಾಣತನ.

ಕಡತವನ್ನು ಬೇರೆ ರೂಪಕ್ಕೆ ಬದಲಿಸುವಾಗಲೂ ಎಚ್ಚರ ಬೇಕು. ಮುದ್ರಣಕ್ಕೆ ಜೆಪೆಗ್ ಕೇಳುವವರೇ ಹೆಚ್ಚು, ಅದರಲ್ಲಿ ಆಲ್ಫಾಗೆ ಜಾಗವಿಲ್ಲವೆಂದು ಆಗಲೇ ಹೇಳಿದೆ. ಆದ್ದರಿಂದ ಖಾಲಿ ಜಾಗಕ್ಕೆ ಯಾವುದೋ ಒಂದು ಬಣ್ಣವನ್ನು ಯಾರಾದರೂ ತುಂಬಲೇಬೇಕು. ಗಿಂಪ್‌ನ Image > Flatten Image ಆಜ್ಞೆ ಆಗ ಉಪಕರಣ ಪೆಟ್ಟಿಗೆಯಲ್ಲಿರುವ ಹಿನ್ನೆಲೆ ಬಣ್ಣವನ್ನು ತುಂಬುತ್ತದೆ; ಅದು ಹಿಂದಿನ ಕೆಲಸದಿಂದ ಕೆಂಪಾಗಿ ಉಳಿದಿದ್ದರೆ ಗೋಡೆಯ ತೂತುಗಳೆಲ್ಲ ಕೆಂಪಾಗುತ್ತವೆ. D ಕೀಲಿ ಒತ್ತಿದರೆ ಮುನ್ನೆಲೆ ಕಪ್ಪು, ಹಿನ್ನೆಲೆ ಬಿಳಿ ಎಂಬ ಮೊದಲ ಸ್ಥಿತಿಗೆ ಮರಳುತ್ತದೆ. ಕೆಲವು ಪರಿವರ್ತಕಗಳು ಇನ್ನೂ ಒರಟು: ಏನನ್ನೂ ತುಂಬದೆ ಆಲ್ಫಾವನ್ನು ಮಾತ್ರ ಕಿತ್ತೆಸೆಯುತ್ತವೆ. ಆಗ ಅಡಗಿದ್ದ ಮೂರು ಸಂಖ್ಯೆಗಳು ಹೊರಬರುತ್ತವೆ. ಅವು ಸೊನ್ನೆಯಾಗಿದ್ದರೆ ಕಪ್ಪು ಮಚ್ಚೆ ಕಾಣುತ್ತದೆ, ಮೂಲ ಬಣ್ಣ ಉಳಿದಿದ್ದರೆ ನೀವು ಅಳಿಸಿದ ಕಲೆಯೇ ಎದ್ದು ಬರುತ್ತದೆ. ಅಳಿಸಿದ್ದು ಮರಳಿ ಬಂತೆಂದು ಬೆಚ್ಚಿಬಿದ್ದವರನ್ನು ನಾನು ಕಂಡಿದ್ದೇನೆ. ಹೀಗಾಗದಂತೆ, ಮೊದಲು ಕೆಲಸವನ್ನು ಗಿಂಪ್‌ನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಉಳಿಸಿಕೊಂಡು, ಆಮೇಲೆ ನೀವೇ ಚಪ್ಪಟೆ ಮಾಡಿ, ಕಣ್ಣಾರೆ ನೋಡಿ ಜೆಪೆಗ್ ತೆಗೆಯಿರಿ.

ಈಗ ನಿಮ್ಮ ಗೋಡೆಗೆ ಬರೋಣ. ನಿಷ್ಠುರವಾಗಿ ಹೇಳಬೇಕೆಂದರೆ, ಕಲೆ ತೆಗೆಯಲು ಎರೇಸರ್ ಸರಿಯಾದ ಉಪಕರಣವೇ ಅಲ್ಲ. ಕಲೆಯ ಕೆಳಗೆ ಗೋಡೆ ಅಡಗಿ ಕುಳಿತಿಲ್ಲ. ಕಲೆ ಇದ್ದ ಕಡೆ ಸ್ಕ್ಯಾನರ್ ಕಂಡದ್ದು ಕಲೆಯನ್ನು ಮಾತ್ರ. ಅದನ್ನು ತೆಗೆದರೆ ಉಳಿಯುವುದು ಶೂನ್ಯ, ಗೋಡೆಯನ್ನು ನೀವೇ ಬೇರೆ ಕಡೆಯಿಂದ ತಂದು ಹಾಕಬೇಕು. ಆದ್ದರಿಂದ ಸಾಧ್ಯವಿದ್ದರೆ ಅಳಿಸಿದ್ದನ್ನು ಹಿಂದಕ್ಕೆ ತನ್ನಿ. ಗಿಂಪ್‌ನ ಎರೇಸರ್‌ಗೆ Anti erase ಎಂಬ ಆಯ್ಕೆಯಿದೆ. ಅದನ್ನು ಗುರುತು ಮಾಡಿ ಅದೇ ಜಾಗದ ಮೇಲೆ ಓಡಿಸಿದರೆ ಆಲ್ಫಾ ಮೇಲೇರಿ ಅಡಗಿದ್ದ ಬಣ್ಣ ಮತ್ತೆ ಕಾಣುತ್ತದೆ. ಕಡತವು ಎಕ್ಸ್‌ಸಿಎಫ್ ಆಗಿದ್ದರೆ ಇದು ನಡೆಯುತ್ತದೆ. ನಡುವೆ ಪಿಎನ್‌ಜಿ ಆಗಿ ಹೊರತೆಗೆದು ಮತ್ತೆ ತೆರೆದಿದ್ದರೆ, ಹೊರತೆಗೆಯುವಾಗ Save color values from transparent pixels ಎಂಬುದನ್ನು ಗುರುತು ಮಾಡಿದ್ದಿದ್ದರೆ ಮಾತ್ರ ಬಣ್ಣ ಉಳಿದಿರುತ್ತದೆ.

ಬಣ್ಣ ಮರಳಿದ ಮೇಲೆ ಸಣ್ಣ ಕಲೆಗಳಿಗೆ ಹೀಲ್ ಉಪಕರಣ ಒಳ್ಳೆಯದು. ಕಂಟ್ರೋಲ್ ಕೀಲಿ ಒತ್ತಿಕೊಂಡು ಪಕ್ಕದ ಶುಚಿಯಾದ ಗೋಡೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ನಂತರ ಕಲೆಯ ಮೇಲೆ ಕುಂಚವನ್ನು ಇಟ್ಟರೆ, ಅಲ್ಲಿನ ವಿನ್ಯಾಸವನ್ನು ತಂದು ಇಲ್ಲಿನ ಬೆಳಕಿಗೆ ಹೊಂದಿಸುತ್ತದೆ. ಕಲೆ ಅಜ್ಜನ ಭುಜದ ಅಂಚಿಗೆ ತಾಗಿದ್ದರೆ ಮಾತ್ರ ಹೀಲ್ ಬಳಸಬೇಡಿ; ಅದು ಕೋಟಿನ ಕಪ್ಪನ್ನು ಗೋಡೆಗೆ ಹರಡಿಬಿಡುತ್ತದೆ. ಅಂಚಿನ ಬಳಿ ಕ್ಲೋನ್ ಉಪಕರಣವೇ ಸರಿ.

ಬಣ್ಣ ಮರಳದಿದ್ದರೆ, ಖಾಲಿ ಜಾಗದ ಕೆಳಗೆ ಗೋಡೆಯನ್ನು ಹಾಸಬೇಕಾಗುತ್ತದೆ. ಹೊಸ ಲೇಯರ್ ಸೇರಿಸಿ ಫೋಟೊದ ಕೆಳಗಿಡಿ. ಕಲರ್ ಪಿಕರ್‌ನಲ್ಲಿ ಒಂದೇ ಪಿಕ್ಸೆಲ್ ಬದಲು ಹತ್ತಾರು ಪಿಕ್ಸೆಲ್‌ಗಳ ಸರಾಸರಿ ತೆಗೆದುಕೊಳ್ಳುವ Sample average ಆಯ್ಕೆಯಿಂದ ತೂತಿನ ಪಕ್ಕದ ಗೋಡೆಯ ಬಣ್ಣವನ್ನು ಹಿಡಿದು, ಆ ಲೇಯರ್‌ಗೆ ತುಂಬಿ. ಇಷ್ಟಕ್ಕೇ ಬಿಟ್ಟರೆ ಸುಣ್ಣ ಮೆತ್ತಿದ ತೇಪೆಯಂತೆ ಕಾಣುತ್ತದೆ, ಏಕೆಂದರೆ ಹಳೆಯ ಫೋಟೊದ ಗೋಡೆಯಲ್ಲಿ ಸಣ್ಣ ಸಣ್ಣ ಕಣಗಳ ಒರಟುತನವಿದ್ದು, ತುಂಬಿದ ಬಣ್ಣ ಮಾತ್ರ ಗಾಜಿನಷ್ಟು ನುಣುಪಾಗಿರುತ್ತದೆ. Filters > Noise > RGB Noise ತೆರೆದು, Independent RGB ಗುರುತನ್ನು ತೆಗೆದು, ಪಕ್ಕದ ಗೋಡೆಗೆ ಹೊಂದುವಷ್ಟು ಕಣಗಳನ್ನು ಸೇರಿಸಿ. ಆ ಗುರುತನ್ನು ತೆಗೆಯದಿದ್ದರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಬೇರೆ ಬೇರೆಯಾಗಿ ಬಂದು ಹಳೆಯ ಫೋಟೊಗೆ ಸಲ್ಲದ ಬಣ್ಣದ ಪುಡಿ ಉದುರಿಸಿದಂತಾಗುತ್ತದೆ. ಕುಂಚದ ಮೆತ್ತನೆಯ ಅಂಚು ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ಮೇಲಿನ ಫೋಟೊ ಕೆಳಗಿನ ಗೋಡೆಗೆ ನಿಧಾನವಾಗಿ ಕರಗುತ್ತದೆ. ಕಲೆಯ ಗಾಢ ಅಂಚು ಉಳಿದಿರುವ ಕಡೆಯನ್ನು ಮಾತ್ರ ಇನ್ನೊಮ್ಮೆ ಅಳಿಸಿ ಹಿಗ್ಗಿಸಿಕೊಳ್ಳಿ.

ಗೋಡೆಯ ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಯುತ್ತ ಹೋಗಿದ್ದರೆ, ಮತ್ತು ಸ್ಟುಡಿಯೋದಲ್ಲಿ ತೆಗೆದ ಹಳೆಯ ಫೋಟೊಗಳಲ್ಲಿ ಹಾಗಿರುವುದೇ ಹೆಚ್ಚು, ಒಂದೇ ಬಣ್ಣದ ಹಾಸು ಎಲ್ಲ ತೂತುಗಳಿಗೂ ಹೊಂದುವುದಿಲ್ಲ. ಆಗ ಪ್ರತಿ ತೂತಿಗೂ ಅದರದೇ ನೆರೆಯ ಬಣ್ಣವನ್ನು ಹಿಡಿದು, ಆ ಕೆಳಗಿನ ಲೇಯರ್‌ನಲ್ಲಿ ದೊಡ್ಡ ಮೆತ್ತನೆಯ ಕುಂಚದಿಂದ ಬಳಿಯಿರಿ. ಕಣಗಳನ್ನು ಎಲ್ಲ ಬಳಿದಾದ ಮೇಲೆ ಒಟ್ಟಿಗೆ ಸೇರಿಸಿ. ಇದೆಲ್ಲ ಮುಗಿದಾಗ ಪರದೆಯ ಮೇಲೆ ಎಲ್ಲಿಯೂ ಒಂದು ಚೌಕವೂ ಕಾಣಬಾರದು. ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿಟ್ಟು ಮೂಲೆಯಿಂದ ಮೂಲೆಗೆ ಸರಿಸುತ್ತ ನೋಡಿ. ಎಲ್ಲೋ ಒಂದು ಕಡೆ ಎರಡು ಬೂದು ಚೌಕ ಇಣುಕಿದರೆ, ಅಲ್ಲಿ ಕಾಗದದ ಬಿಳಿ ಚುಕ್ಕೆಯೊಂದು ಬರಲಿದೆ.